ಸವೆದ ನಟ್ಟನ್ನು ಸೀಳುವ ಬಗೆ

ನಮ್ಮ ಶಾಲೆಯ ವರ್ಕ್‌ಶಾಪಿನಲ್ಲಿ ಮಕ್ಕಳ ಕೈಗೆ ಕೊಡುವ ಪಾಠದ ಹಾಳೆಗಳಲ್ಲಿ ಇದೂ ಒಂದು. ಮನೆಯ ಗೇಟು, ಸೈಕಲ್ಲು, ನೀರಿನ ಟ್ಯಾಂಕಿನ ಸ್ಟ್ಯಾಂಡುಗಳಲ್ಲಿ ತುಕ್ಕು ಹಿಡಿದ ನಟ್ಟಿನೊಂದಿಗೆ ಗುದ್ದಾಡಿದವರಿಗೂ ಉಪಯೋಗವಾಗಲೆಂದು ಅದನ್ನೇ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಹಾಳೆ ಬರೆದದ್ದು ಒಂಬತ್ತನೆಯ ತರಗತಿಯವರಿಗಾಗಿ, ಆದ್ದರಿಂದ ಮಾತು ಅವರನ್ನೇ ಉದ್ದೇಶಿಸಿದೆ.

ಇವತ್ತಿನ ಕೆಲಸ ತರಗತಿಯ ಒಂದು ಬೆಂಚಿನದು. ಕೆಳಗೆ ಕಬ್ಬಿಣದ ಪಟ್ಟಿಯ ಚೌಕಟ್ಟು, ಮೇಲೆ ಮರದ ಹಲಗೆ, ಎರಡನ್ನೂ ಹಿಡಿದಿರುವುದು ಆರು ಬೋಲ್ಟುಗಳು. ಹಲಗೆಯ ಒಂದು ತುದಿ ಕೊಳೆತಿದೆ, ಹೊಸದು ಹಾಕಬೇಕು. ಐದು ನಟ್ಟುಗಳು ಬಿಚ್ಚಿಕೊಂಡವು. ಆರನೆಯದು ಬರುತ್ತಿಲ್ಲ. ಪ್ರತಿ ಮಳೆಗಾಲದಲ್ಲೂ ಕಿಟಕಿಯ ಇರಚಲು ಬಡಿದದ್ದು ಈ ಮೂಲೆಗೆ, ನೆಲ ತೊಳೆದ ನೀರು ನಿಂತದ್ದೂ ಇಲ್ಲೇ. ನಟ್ಟಿನ ಆರು ಮೂಲೆಗಳೂ ಸವೆದು ಅದು ಗುಂಡಗಾಗಿಬಿಟ್ಟಿದೆ. ಸ್ಪ್ಯಾನರ್ ಹಾಕಿದರೆ ಜಾರುತ್ತದೆ. ವೈಸ್ ಗ್ರಿಪ್ಪಿನಲ್ಲಿ ಕಚ್ಚಿ ಹಿಡಿದು ತಿರುಗಿಸಿದರೆ ನಟ್ಟು ಸುತ್ತುತ್ತದೆ, ಆದರೆ ಬಿಚ್ಚುವುದಿಲ್ಲ. ಬೋಲ್ಟೂ ಅದರ ಜೊತೆಗೇ ಸುತ್ತುತ್ತಿದೆ.

ಬೋಲ್ಟು ಏಕೆ ಸುತ್ತುತ್ತದೆ ಎಂಬುದನ್ನು ಮೊದಲು ನೋಡಿ. ಬೆಂಚಿಗೆ ಹಾಕುವ ಬೋಲ್ಟಿನ ತಲೆ ಗುಮ್ಮಟದಂತೆ ನುಣುಪಾಗಿರುತ್ತದೆ, ಕೂತವರ ಬಟ್ಟೆ ಹರಿಯದಿರಲೆಂದು. ಆ ತಲೆಯನ್ನು ಸ್ಪ್ಯಾನರಿನಿಂದ ಹಿಡಿಯಲಾಗದು. ತಲೆಯ ಕೆಳಗೆ ಚೌಕಾಕಾರದ ಕುತ್ತಿಗೆಯೊಂದಿದೆ. ಅದು ಮರದಲ್ಲಿ ಕಚ್ಚಿ ಕೂತು ಬೋಲ್ಟು ತಿರುಗದಂತೆ ತಡೆಯುತ್ತದೆ. ಮರ ಕೊಳೆತರೆ ಆ ಚೌಕದ ತೂತು ದುಂಡಗಾಗುತ್ತದೆ, ತಡೆಯಲು ಏನೂ ಉಳಿಯುವುದಿಲ್ಲ. ಇನ್ನು ಎಷ್ಟು ಬಲ ಹಾಕಿ ತಿರುಗಿಸಿದರೂ ವ್ಯರ್ಥ. ತಿರುಗಿಸಿ ಬಿಚ್ಚುವ ಯಾವ ಉಪಕರಣವೂ ಇಲ್ಲಿ ನಡೆಯದು.

ನಟ್ಟು ಕಚ್ಚಿಕೊಂಡದ್ದು ತುಕ್ಕಿನಿಂದ. ಕಬ್ಬಿಣ ತುಕ್ಕಾದಾಗ, ಮೊದಲಿದ್ದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ತೆಗೆದುಕೊಳ್ಳುತ್ತದೆ. ನಟ್ಟಿನ ಥ್ರೆಡ್‌ಗೂ ಬೋಲ್ಟಿನ ಥ್ರೆಡ್‌ಗೂ ನಡುವೆ ಇದ್ದ ಕೂದಲೆಳೆಯ ಸಂದು ತುಂಬಿಹೋಗುತ್ತದೆ, ಆಮೇಲೂ ತುಕ್ಕು ಬೆಳೆಯುತ್ತಲೇ ಎರಡನ್ನೂ ಒತ್ತುತ್ತದೆ. ಮೂಲೆಗಳು ಸವೆದದ್ದು ಮಾತ್ರ ನಮ್ಮ ಕೈಯಿಂದ. 13 ಮಿ.ಮೀ. ನಟ್ಟಿಗೆ ಯಾರೋ 14ರ ಸ್ಪ್ಯಾನರ್ ಹಾಕಿದ್ದಾರೆ, ಇಲ್ಲವೇ ಬಾಯಿ ಅಗಲವಾದ ಹಳೆಯ ಸ್ಪ್ಯಾನರನ್ನು. ಸಡಿಲ ಸ್ಪ್ಯಾನರ್ ನಟ್ಟಿನ ಮುಖವನ್ನು ಒತ್ತುವುದಿಲ್ಲ, ಮೂಲೆಯನ್ನಷ್ಟೇ ಕೆರೆಯುತ್ತದೆ. ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರಿನಲ್ಲೂ ಈ ಅಪಾಯವಿದೆ. ಅದು ಹಿಡಿಯುವುದು ನಟ್ಟಿನ ಮೂಲೆಗೆ ತೀರ ಹತ್ತಿರದಲ್ಲಿ. ತುಕ್ಕು ಹಿಡಿದ ನಟ್ಟಿಗೆ ಆರು ಮೂಲೆಯ ಸಾಕೆಟ್ಟೇ ಸರಿ.

ಸೀಳುವ ಮುನ್ನ ಬೇರೆ ದಾರಿಗಳನ್ನು ನೋಡಿದ್ದೇವೆಯೇ ಎಂದು ಕೇಳುವಿರಿ. ನೋಡಿದ್ದೇವೆ. ತಂತಿ ಬ್ರಷ್ಷಿನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹನಿಸಿ ಒಂದು ರಾತ್ರಿ ಬಿಟ್ಟೆವು. ಮೂಲೆ ಸವೆದ ನಟ್ಟಿಗೆ ಒಂದು ಅಳತೆ ಚಿಕ್ಕ ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ಕೂರಿಸಿ ತಿರುಗಿಸುವ ಉಪಾಯವೂ ಒಳ್ಳೆಯದೇ, ಆದರೆ ಬೋಲ್ಟು ಸುತ್ತುವಾಗ ಅದೂ ಸೋಲುತ್ತದೆ. ಗ್ಯಾಸ್ ಕಟಿಂಗ್ ಮಾಡಿದರೆ ಮರ ಹೊತ್ತಿಕೊಳ್ಳುತ್ತದೆ. ಗ್ರೈಂಡರಿನ ಕಿಡಿ ಮರದ ಹೊಟ್ಟಿನ ಮೇಲೆ ಬೀಳುವುದು ನನಗೆ ಬೇಡ, ನಿಮ್ಮ ವಯಸ್ಸಿನವರ ಕೈಗೆ ಆ ಯಂತ್ರವನ್ನು ಕೊಡುವುದೂ ಇಲ್ಲ. ಉಳಿಯಿಂದ ಹೊಡೆದು ಸೀಳಬಹುದು, ಹಳೆಯ ಕಮ್ಮಾರರು ಹಾಗೆಯೇ ಸೀಳುತ್ತಿದ್ದರು. ಆದರೆ ಪ್ರತಿ ಏಟಿಗೂ ಚೌಕಟ್ಟು ಬಾಗುತ್ತದೆ, ವೆಲ್ಡಿಂಗ್ ಬಿಡುತ್ತದೆ. ಉಳಿದದ್ದು ನಟ್ ಸ್ಪ್ಲಿಟರ್.

ಉಪಕರಣವನ್ನು ಕೈಯಲ್ಲಿ ಹಿಡಿದು ನೋಡಿ. ದಪ್ಪ ಉಕ್ಕಿನ ಒಂದು ಬಳೆ, ಬಳೆಯ ಒಂದು ಪಕ್ಕದಲ್ಲಿ ಉಳಿಯ ತುದಿಯಂಥ ಬ್ಲೇಡು, ಬ್ಲೇಡಿನ ಹಿಂದೆ ಅದನ್ನು ತಳ್ಳುವ ತಿರುಪು. ಬಳೆಯೊಳಗೆ ನಟ್ಟನ್ನು ಕೂರಿಸಿ ತಿರುಪನ್ನು ಸ್ಪ್ಯಾನರಿನಿಂದ ಬಿಗಿದರೆ ಬ್ಲೇಡು ಮುಂದೆ ಸರಿದು ನಟ್ಟಿನ ಮುಖಕ್ಕೆ ಹೊಗುತ್ತದೆ. ಇಷ್ಟೇ. ನಟ್ಟನ್ನು ತಿರುಗಿಸುವ ಬಲ ಇದರಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ಬೋಲ್ಟು ಸುತ್ತುತ್ತದೋ ಇಲ್ಲವೋ ಎಂಬ ಪ್ರಶ್ನೆ ಏಳುವುದಿಲ್ಲ. ಬೋಲ್ಟಿನ ತಲೆಯನ್ನು ಯಾರೂ ಹಿಡಿದುಕೊಳ್ಳಬೇಕಾಗಿಲ್ಲ.

ಇಷ್ಟು ಚಿಕ್ಕ ತಿರುಪಿಗೆ ಆ ಬಲ ಬರುವುದು ಎಲ್ಲಿಂದ? ನಮ್ಮ ಸ್ಪ್ಲಿಟರಿನ ತಿರುಪು ಒಂದು ಸುತ್ತಿಗೆ 1.5 ಮಿ.ಮೀ. ಮುಂದೆ ಹೋಗುತ್ತದೆ. ನೀವು ಹಿಡಿದ ಸ್ಪ್ಯಾನರ್ 15 ಸೆಂ.ಮೀ. ಉದ್ದವಿದ್ದರೆ ಅದೇ ಒಂದು ಸುತ್ತಿಗೆ ನಿಮ್ಮ ಕೈ ಸುಮಾರು 94 ಸೆಂ.ಮೀ. ಕ್ರಮಿಸುತ್ತದೆ. ಅಂದರೆ ಕೈ ಬ್ಲೇಡಿಗಿಂತ 600ಕ್ಕೂ ಹೆಚ್ಚು ಪಟ್ಟು ದೂರ ಹೋಯಿತು, ಬಲವೂ ಲೆಕ್ಕದ ಪ್ರಕಾರ ಅಷ್ಟೇ ಪಟ್ಟು ಆಗಬೇಕು. ಬಹುಪಾಲನ್ನು ಥ್ರೆಡ್‌ಗಳ ಉಜ್ಜಾಟವೇ ತಿಂದುಬಿಡುತ್ತದೆ. ಹತ್ತರಲ್ಲಿ ಒಂದು ಪಾಲು ಉಳಿದರೂ, ನೀವು 10 ಕೆ.ಜಿ. ಭಾರದಷ್ಟು ಎಳೆದರೆ ಬ್ಲೇಡಿನ ಮೇಲೆ 600 ಕೆ.ಜಿ.ಯಷ್ಟು ಬೀಳುತ್ತದೆ. ತಿರುಪಿನ ಥ್ರೆಡ್‌ಗೂ, ಅದು ಬ್ಲೇಡನ್ನು ಮುಟ್ಟುವ ತುದಿಗೂ ಗ್ರೀಸ್ ಹಚ್ಚಬೇಕೆಂದು ನಾನು ಪ್ರತಿ ಸಲ ಹೇಳುವುದು ಇದಕ್ಕೇ. ಒಣ ತಿರುಪಿನಲ್ಲಿ ನಿಮ್ಮ ಶ್ರಮವೆಲ್ಲ ಉಜ್ಜಾಟಕ್ಕೆ ಹೋಗುತ್ತದೆ, ತಿರುಪಿನ ಥ್ರೆಡ್ಡೂ ಕಿತ್ತುಬರುತ್ತದೆ.

ಬ್ಲೇಡು ನಟ್ಟನ್ನು ಕತ್ತರಿಸುತ್ತದೆ ಎಂದು ನಾವು ಹೇಳುತ್ತೇವೆ, ಆದರೆ ಅದು ಚಾಕು ಹಣ್ಣನ್ನು ಕತ್ತರಿಸಿದಂತೆ ಅಲ್ಲ. ಸೌದೆ ಸೀಳುವುದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ದಿಮ್ಮಿಗೆ ಬೆಣೆ ಬಡಿಯುವಾಗ ಅದು ಪೂರ್ತಿ ಒಳಗೆ ಇಳಿಯುವವರೆಗೆ ಯಾರೂ ಕಾಯುವುದಿಲ್ಲ. ಬೆಣೆ ಎರಡು ಕಡೆಗೂ ಒತ್ತುತ್ತ ಹೋದಂತೆ ಸೀಳು ಅದರ ಮೊನೆಗಿಂತ ಮುಂದೆ ಓಡುತ್ತದೆ. ನಟ್ಟಿನಲ್ಲಿ ನಡೆಯುವುದೂ ಇದೇ. ಬ್ಲೇಡು ಸ್ವಲ್ಪ ದೂರ ಹೊಕ್ಕ ಮೇಲೆ ಎರಡು ಕಡೆಯ ಲೋಹವನ್ನು ಅಗಲಿಸುತ್ತದೆ, ಉಳಿದ ತೆಳು ಗೋಡೆ ತಾನಾಗಿ ಬಿರಿಯುತ್ತದೆ. ಹೀಗೆ ಬಳೆ ಒಡೆದಂತೆ ನಟ್ಟು ಬಾಯಿ ಬಿಟ್ಟಾಗ ತುಕ್ಕಿನ ಹಿಡಿತವೂ ಸಡಿಲುತ್ತದೆ.

ಎಷ್ಟು ದೂರ ಹೊಗಬೇಕು, ಎಲ್ಲಿ ನಿಲ್ಲಬೇಕು ಎಂಬುದೇ ಈ ಕೆಲಸದ ಜೀವಾಳ. ಇದನ್ನು ಅಂದಾಜಿನ ಮೇಲೆ ಬಿಡಬೇಡಿ, ಲೆಕ್ಕ ಮಾಡಿ. ನಮ್ಮದು ಎಂ8 ಬೋಲ್ಟು, ದಪ್ಪ 8 ಮಿ.ಮೀ. ನಟ್ಟಿನ ಎದುರುಬದುರು ಮುಖಗಳ ನಡುವಿನ ಅಗಲ 13 ಮಿ.ಮೀ. 13ರಲ್ಲಿ 8 ಕಳೆದರೆ 5, ಎರಡು ಪಕ್ಕಕ್ಕೆ ಹಂಚಿದರೆ 2.5 ಮಿ.ಮೀ. ಮುಖದ ನಡುವಿನಿಂದ ಒಳಗಿನ ಥ್ರೆಡ್ಡಿನ ತಳದವರೆಗೆ ಇರುವ ಲೋಹ ಅಷ್ಟೇ. ಇದೇ ನಟ್ಟಿನ ಮೂಲೆಯಲ್ಲಿ 3 ಮಿ.ಮೀ.ಗೂ ಹೆಚ್ಚು ದಪ್ಪವಿರುತ್ತದೆ, ಮೇಲಾಗಿ ಮೂಲೆಯ ಮೇಲೆ ಬ್ಲೇಡು ನಿಲ್ಲದೆ ಪಕ್ಕಕ್ಕೆ ಜಾರುತ್ತದೆ. ಆದ್ದರಿಂದ ಬ್ಲೇಡು ಕೂರಬೇಕಾದದ್ದು ಮುಖದ ನಟ್ಟನಡುವೆ. ಮೂಲೆ ಸವೆದಿದ್ದರೂ ಮುಖದ ನಡುಭಾಗ ಸಾಮಾನ್ಯವಾಗಿ ಚೆನ್ನಾಗಿಯೇ ಉಳಿದಿರುತ್ತದೆ. ಸ್ಪ್ಯಾನರಿಗೆ ಬೇಕಾದ ಮೂಲೆ ಹೋಯಿತು, ಸ್ಪ್ಲಿಟರಿಗೆ ಬೇಕಾದ ಮುಖ ಉಳಿದಿದೆ.

ಬೇರೆ ಅಳತೆಯ ನಟ್ಟು ಬಂದರೂ ಲೆಕ್ಕ ಇದೇ. 10 ಮಿ.ಮೀ. ಅಗಲದ ಎಂ6 ನಟ್ಟಿಗೆ 2 ಮಿ.ಮೀ., 19 ಮಿ.ಮೀ. ಅಗಲದ ಎಂ12 ನಟ್ಟಿಗೆ 3.5 ಮಿ.ಮೀ.

ಈಗ ಕೆಲಸಕ್ಕೆ ಬನ್ನಿ. ಬೆಂಚನ್ನು ತಲೆಕೆಳಗು ಮಾಡಿ ಮೇಜಿನ ಮೇಲೆ ಇಡಿ. ಕೆಳಗೆ ಮಲಗಿಕೊಂಡು ಮೇಲೆ ನೋಡುತ್ತ ಮಾಡುವ ಕೆಲಸ ಇದಲ್ಲ, ತುಕ್ಕಿನ ಪುಡಿಯೆಲ್ಲ ಕಣ್ಣಿಗೇ ಬೀಳುತ್ತದೆ. ಕನ್ನಡಕ ಹಾಕಿಕೊಳ್ಳುವುದು ಕಡ್ಡಾಯ, ಸುತ್ತ ನಿಂತು ನೋಡುವವರಿಗೂ ಸೇರಿ. ನಟ್ಟು ಬಿರಿಯುವಾಗ ಲೋಹದ ಚೂರು ಹಾರಬಹುದು, ಬ್ಲೇಡೇ ಮುರಿದು ಸಿಡಿಯಲೂಬಹುದು. ನಟ್ಟಿನ ಸುತ್ತಲಿನ, ವಾಷರ್ ಮೇಲಿನ ತುಕ್ಕನ್ನು ತಂತಿ ಬ್ರಷ್ಷಿನಿಂದ ತೆಗೆಯಿರಿ. ಬಳೆ ವಾಷರಿನ ಮೇಲೆ ಸಮವಾಗಿ ಕೂರಬೇಕು. ತುಕ್ಕಿನ ಹೆಕ್ಕಳೆಯ ಮೇಲೆ ಕೂತರೆ ಓರೆಯಾಗುತ್ತದೆ.

ಬಳೆಯನ್ನು ನಟ್ಟಿಗೆ ತೊಡಿಸಿ. ಬ್ಲೇಡಿನ ಎದುರಿನ ಪಕ್ಕ ನಟ್ಟಿನ ಎದುರು ಮುಖಕ್ಕೆ ಒರಗಿರಲಿ. ತಿರುಪನ್ನು ಮೊದಲು ಬೆರಳಿನಿಂದಲೇ ಬಿಗಿಯಿರಿ, ಬ್ಲೇಡು ಮುಖವನ್ನು ಮುಟ್ಟುವವರೆಗೆ. ಆಮೇಲೆ ಬಗ್ಗಿ ಎರಡು ದಿಕ್ಕಿನಿಂದ ನೋಡಿ. ಮೇಲಿನಿಂದ ನೋಡಿದರೆ ಬ್ಲೇಡಿನ ಮೊನೆ ಬೋಲ್ಟಿನ ಕೇಂದ್ರದತ್ತ ಮುಖ ಮಾಡಿರಬೇಕು. ಪಕ್ಕದಿಂದ ನೋಡಿದರೆ ಬ್ಲೇಡಿನ ಅಂಚು ಬೋಲ್ಟಿಗೆ ಸಮಾನಾಂತರವಾಗಿ, ನಟ್ಟಿನ ಪೂರ್ತಿ ಎತ್ತರವನ್ನು ಆವರಿಸಿರಬೇಕು. ಎಂ8 ನಟ್ಟಿನ ಎತ್ತರ ಸುಮಾರು 6.5 ಮಿ.ಮೀ. ಬ್ಲೇಡು ಅರ್ಧ ಎತ್ತರಕ್ಕೆ ಮಾತ್ರ ತಾಗಿದ್ದರೆ ಮೇಲ್ಭಾಗ ಬಿರಿದು ಕೆಳಭಾಗ ಹಾಗೇ ಹಿಡಿದುಕೊಂಡಿರುತ್ತದೆ, ಬ್ಲೇಡಿನ ಒಂದು ಮೂಲೆಗೇ ಎಲ್ಲ ಭಾರ ಬಿದ್ದು ಅದು ಮುರಿಯುತ್ತದೆ. ಈ ಹಂತಕ್ಕೆ ಎರಡು ನಿಮಿಷ ಹೆಚ್ಚು ಕೊಡಿ. ನಮ್ಮ ವರ್ಕ್‌ಶಾಪಿನಲ್ಲಿ ಹಾಳಾದ ಬ್ಲೇಡುಗಳೆಲ್ಲ ಇಲ್ಲಿ ಅವಸರ ಮಾಡಿದ್ದರಿಂದಲೇ ಹಾಳಾದವು.

ಬ್ಲೇಡು ಮುಟ್ಟಿದ ಜಾಗವೇ ಸೊನ್ನೆ. ತಿರುಪಿನ ತಲೆಯ ಮೇಲೂ ಬಳೆಯ ಮೇಲೂ ನೇರಕ್ಕೆ ಒಂದೊಂದು ಮಾರ್ಕರ್ ಗೆರೆ ಎಳೆಯಿರಿ. ಸ್ಪ್ಲಿಟರ್ ಬೇರೆಯದಾದರೆ ಅದರ ತಿರುಪಿನ ಹತ್ತು ಥ್ರೆಡ್‌ಗಳನ್ನು ಸ್ಕೇಲಿನಿಂದ ಅಳೆದು ಹತ್ತರಿಂದ ಭಾಗಿಸಿ. ಹತ್ತು ಥ್ರೆಡ್ಡು 15 ಮಿ.ಮೀ. ಬಂದರೆ ಒಂದು ಸುತ್ತಿಗೆ 1.5 ಮಿ.ಮೀ. ನಮ್ಮ ಗೋಡೆ 2.5 ಮಿ.ಮೀ. ಅದರಲ್ಲಿ ಅರ್ಧ ಮಿಲಿಮೀಟರನ್ನು ಮುಟ್ಟದೆ ಬಿಟ್ಟರೆ ಹೊಗಬೇಕಾದದ್ದು 2 ಮಿ.ಮೀ., ಅಂದರೆ ಒಂದು ಪೂರ್ತಿ ಸುತ್ತು, ಮೇಲೆ ಮೂರನೇ ಒಂದು ಸುತ್ತು. ಆರು ಮೂಲೆಯ ತಿರುಪಿನ ತಲೆಯಲ್ಲಿ ಇದನ್ನು ಎಣಿಸುವುದು ಸುಲಭ. ಒಟ್ಟು ಎಂಟು ಮುಖ ದಾಟಬೇಕು.

ಎಡಗೈಯಲ್ಲಿ ಬಳೆಯ ಹಿಡಿಯನ್ನು ಗಟ್ಟಿಯಾಗಿ ಹಿಡಿಯಿರಿ, ಏಕೆಂದರೆ ತಿರುಪು ತಿರುಗಿದಂತೆ ಬಳೆಯೂ ಓರೆಯಾಗಲು ನೋಡುತ್ತದೆ. ಬಲಗೈಯಲ್ಲಿ ಸ್ಪ್ಯಾನರ್. ಜಗ್ಗಿ ಎಳೆಯಬೇಡಿ, ಒಂದೇ ಸಮನೆ ನಿಧಾನವಾಗಿ ಒತ್ತಿ. ಮೊದಲ ಅರ್ಧ ಸುತ್ತು ಹಗುರವಾಗಿರುತ್ತದೆ, ಬ್ಲೇಡು ಮುಖದ ಮೇಲೆ ಗೆರೆ ಮೂಡಿಸುತ್ತಿರುತ್ತದೆ. ಆಮೇಲೆ ಬಿಗಿ ಏರುತ್ತದೆ. ಬ್ಲೇಡಿನ ಎರಡು ಬದಿಯಲ್ಲೂ ಲೋಹ ಉಬ್ಬಿ ಬರುವುದು ಕಣ್ಣಿಗೆ ಕಾಣುತ್ತದೆ. ಗಟ್ಟಿ ಉಕ್ಕಿನ ನಟ್ಟಾದರೆ ಇದ್ದಕ್ಕಿದ್ದಂತೆ ಟಕ್ಕೆಂದು ಸದ್ದಾಗಿ ಸ್ಪ್ಯಾನರ್ ಹಗುರವಾಗುತ್ತದೆ. ಆ ಕ್ಷಣದಲ್ಲೇ ಕೈ ನಿಲ್ಲಬೇಕು. ಎಷ್ಟು ಸುತ್ತು ಬಾಕಿಯಿದೆ ಎಂದು ಎಣಿಸುತ್ತ ಮುಂದೆ ಹೋಗಬೇಡಿ, ನಟ್ಟು ಬಿರಿದಿದೆ. ಬೆಂಚಿಗೆ ಹಾಕುವ ಅಗ್ಗದ ಮೆದು ನಟ್ಟುಗಳು ಇಷ್ಟು ಸದ್ದು ಮಾಡುವುದಿಲ್ಲ. ಅವು ಬಿರಿಯುವ ಬದಲು ಹಿಗ್ಗಿ ಬಾಯಿ ತೆರೆಯುತ್ತವೆ, ಕೈಗೆ ಬಿಗಿ ಮೆಲ್ಲನೆ ಇಳಿದಂತೆ ಅನಿಸುತ್ತದೆ. ಅಂಥದ್ದರಲ್ಲಿ ಸುತ್ತಿನ ಲೆಕ್ಕವೇ ದಾರಿ ತೋರಬೇಕು.

ನಮ್ಮ ಬೆಂಚಿನ ನಟ್ಟು ಮೆದುವಾದದ್ದೇ. ಎಂಟು ಮುಖ ದಾಟಿದರೂ ಸದ್ದಿಲ್ಲ, ಸೀಳೂ ಕಾಣಲಿಲ್ಲ. ಇನ್ನೂ ಒಂದು ಸುತ್ತು ಕೊಡೋಣವೇ ಸರ್ ಎಂದು ಹುಡುಗನೊಬ್ಬ ಕೇಳಿದ. ಬೇಡ ಎಂದೆ. ಹಾಗೆ ಮುಂದೆ ಹೋದರೆ ಬ್ಲೇಡು ನಟ್ಟನ್ನು ದಾಟಿ ಬೋಲ್ಟಿಗೆ ತಾಗುತ್ತದೆ. ತಿರುಪನ್ನು ಹಿಂದಕ್ಕೆ ಬಿಚ್ಚಿ, ಬಳೆಯನ್ನು ಅರ್ಧ ಸುತ್ತು ತಿರುಗಿಸಿ, ಎದುರಿನ ಮುಖಕ್ಕೆ ಬ್ಲೇಡು ಕೂರಿಸಿದೆವು. ಅಲ್ಲಿ ಹೊಸದಾಗಿ ಸೊನ್ನೆಯಿಂದ ಎಣಿಕೆ. ಆರನೆಯ ಮುಖ ದಾಟುವಾಗ ಬಿಗಿ ಇಳಿಯಿತು, ಮೊದಲು ಕೊರೆದ ಕಡೆಯಲ್ಲಿ ಕಪ್ಪು ಗೆರೆಯೊಂದು ಮೇಲಿನಿಂದ ಕೆಳಗಿನವರೆಗೆ ತೆರೆದುಕೊಂಡಿತು. ಸೀಳಿನಲ್ಲಿ ಸ್ಕ್ರೂಡ್ರೈವರಿನ ತುದಿ ಇಟ್ಟು ಸ್ವಲ್ಪ ತಿರುಚಿದಾಗ ತುಕ್ಕಿನ ಪುಡಿ ಉದುರಿತು. ಆಮೇಲೆ ಇಕ್ಕಳದಲ್ಲಿ ಹಿಡಿದು ನಟ್ಟನ್ನು ಬಿಡಿಸಿಕೊಂಡೆವು.

ಇಲ್ಲಿ ಒಂದು ವಿಷಯ ಗಮನಿಸಿ. ನಾವು ಎಣಿಸುವ ಸುತ್ತಿಗೆ ಸರಿಯಾಗಿ ಬ್ಲೇಡು ಒಳಗೆ ಹೋಗಿರುವುದಿಲ್ಲ, ತುಸು ಕಡಿಮೆಯೇ ಹೋಗಿರುತ್ತದೆ. ಅಷ್ಟು ಬಲ ಬಿದ್ದಾಗ ಬಳೆಯೇ ಕೂದಲಷ್ಟು ಹಿಗ್ಗುತ್ತದೆ. ಲೆಕ್ಕ ತಪ್ಪಿದರೂ ಸುರಕ್ಷಿತ ಕಡೆಗೇ ತಪ್ಪುತ್ತದೆ ಎಂಬ ಕಾರಣಕ್ಕೆ ನಾನು ಈ ಎಣಿಕೆಯನ್ನು ನಂಬುತ್ತೇನೆ.

ಬೋಲ್ಟನ್ನು ಹೇಗೂ ಎಸೆಯುತ್ತೇವಲ್ಲ, ಅದಕ್ಕೆ ಗಾಯವಾದರೇನು ಎಂದು ಅನಿಸಬಹುದು. ಬೆಂಚಿನ ಮಟ್ಟಿಗೆ ಅದು ನಿಜ, ಹೊಸ ಬೋಲ್ಟು ಕೆಲವೇ ರೂಪಾಯಿಯದು. ಆದರೆ ಬ್ಲೇಡಿಗೆ ಇದು ನಿಜವಲ್ಲ. ನಟ್ಟಿನ ಗೋಡೆ ಬಾಗುತ್ತ, ಹಿಗ್ಗುತ್ತ ಬ್ಲೇಡಿಗೆ ದಾರಿ ಕೊಡುತ್ತದೆ, ಗಟ್ಟಿ ಸರಳಾದ ಬೋಲ್ಟು ಕೊಡುವುದಿಲ್ಲ. ಮೊನೆ ಅಲ್ಲಿ ಸಿಕ್ಕಿಕೊಂಡು ಚೂರೇಳುತ್ತದೆ. ಬೋಲ್ಟನ್ನು ಉಳಿಸಿಕೊಳ್ಳಲೇಬೇಕಾದ ಕೆಲಸಗಳೂ ಇವೆ. ಮೋಟಾರ್ ಸೈಕಲ್ಲಿನ ಸೈಲೆನ್ಸರ್ ಪೈಪು ಎಂಜಿನ್ನಿಗೆ ಕೂಡುವಲ್ಲಿ ಅಲ್ಯೂಮಿನಿಯಮ್ಮಿನೊಳಗೆ ನೆಟ್ಟ ಸ್ಟಡ್ ಇರುತ್ತದೆ, ಅದರ ಮೇಲೆ ನಟ್ಟು. ಬಿಸಿಗೆ, ಮಳೆಗೆ ಅದು ಬೇಗ ಕಚ್ಚುತ್ತದೆ. ಅಲ್ಲಿ ಬಲವಾಗಿ ತಿರುಗಿಸಿ ಸ್ಟಡ್ಡನ್ನು ಮುರಿದರೆ ಚಿಕ್ಕ ಕೆಲಸ ಹೋಗಿ ಎಂಜಿನ್ ಬಿಚ್ಚುವ ಕೆಲಸವಾಗುತ್ತದೆ. ಜಾಗವಿದ್ದಲ್ಲಿ ನಟ್ಟನ್ನು ಸೀಳಿ ಸ್ಟಡ್ಡನ್ನು ಉಳಿಸುವುದು ಮೇಲು. ಥ್ರೆಡ್ಡಿಗೆ ಸಣ್ಣ ಗೀರು ಬಿದ್ದಿದ್ದರೆ ಅದೇ ಅಳತೆಯ ಡೈ ಓಡಿಸಿ ಸರಿಮಾಡಬಹುದು.

ಜಾಗವಿದ್ದಲ್ಲಿ ಎಂದೆ. ಈ ಉಪಕರಣದ ದೊಡ್ಡ ಮಿತಿ ಅದೇ. ಬಳೆ ನಟ್ಟಿನ ಸುತ್ತ ಕೂರಬೇಕಾದರೆ ಸುತ್ತಲೂ ಬಳೆಯ ದಪ್ಪದಷ್ಟು ಖಾಲಿ ಬೇಕು. ನಮ್ಮ ಬೆಂಚಿನ ಚೌಕಟ್ಟು ಚಪ್ಪಟೆ ಪಟ್ಟಿಯದಾದ್ದರಿಂದ ಕೆಲಸವಾಯಿತು. ಕೆಲವು ಬೆಂಚುಗಳ ಚೌಕಟ್ಟು 25 ಮಿ.ಮೀ. ಆ್ಯಂಗಲ್‌ನದು. ಅದರಲ್ಲಿ ನಟ್ಟಿನ ಮುಖಕ್ಕೂ ಆ್ಯಂಗಲ್ಲಿನ ಗೋಡೆಗೂ ನಡುವೆ ಮೂರು ಮಿಲಿಮೀಟರಿನಷ್ಟೇ ಸಂದು ಇರುತ್ತದೆ, ಬಳೆ ಒಳಗೆ ಹೋಗುವುದೇ ಇಲ್ಲ. ಅಂಥಲ್ಲಿ ಸುಮ್ಮನೆ ಹೆಣಗಬೇಡಿ, ಹ್ಯಾಕ್ಸಾ ಬ್ಲೇಡು ಹಿಡಿದು ನಟ್ಟಿನ ಮುಖವನ್ನು ಕೊಯ್ಯುವುದೇ ದಾರಿ. ಗುಳಿಯೊಳಗೆ ಕೂತ ನಟ್ಟಿಗೂ ಸ್ಪ್ಲಿಟರ್ ಸಲ್ಲದು. ಸ್ಟೇನ್‌ಲೆಸ್ ಸ್ಟೀಲ್ ನಟ್ಟಿನಲ್ಲೂ ಎಚ್ಚರ ಬೇಕು. ಆ ಲೋಹ ಬೇಗ ಬಿರಿಯದೆ ಒತ್ತಿದಷ್ಟೂ ಇನ್ನಷ್ಟು ಗಟ್ಟಿಯಾಗುತ್ತದೆ, ಸಾಮಾನ್ಯ ಸ್ಪ್ಲಿಟರಿನ ಬ್ಲೇಡು ಅಲ್ಲಿ ಸೋಲಬಹುದು. ನಟ್ಟಿನ ಮೇಲೆ 10 ಅಥವಾ 12 ಎಂದು ಅಚ್ಚಾಗಿದ್ದರೆ ಅದು ಹೆಚ್ಚು ಗಟ್ಟಿ ಉಕ್ಕಿನದು, ಅದನ್ನು ನನಗೆ ತೋರಿಸದೆ ಮುಟ್ಟಬೇಡಿ. ಸ್ಪ್ಲಿಟರಿನ ಅಳತೆಗಿಂತ ದೊಡ್ಡ ನಟ್ಟನ್ನು ಹೇಗೋ ತುರುಕಿ ಸೀಳಲು ಹೋದರೆ ಬಳೆಯೇ ಬಾಯಿ ಬಿಡುತ್ತದೆ. ಸ್ಪ್ಯಾನರಿಗೆ ಪೈಪು ತೊಡಿಸಿ ಉದ್ದ ಮಾಡುವುದಾಗಲಿ, ತಿರುಪಿನ ತಲೆಗೆ ಸುತ್ತಿಗೆಯಿಂದ ಬಡಿಯುವುದಾಗಲಿ, ಗಾಳಿಯ ಗನ್ ಹಚ್ಚುವುದಾಗಲಿ ಎಂದೂ ಕೂಡದು. ಕೈಬಲಕ್ಕೆ ಬಗ್ಗದ ನಟ್ಟು ಈ ಉಪಕರಣದ ನಟ್ಟಲ್ಲ.

ಹೊಸ ಹಲಗೆ ಕೂರಿಸುವಾಗ ಹಳೆಯ ಐದು ಬೋಲ್ಟುಗಳನ್ನೂ ಬದಲಿಸಿ. ಆದರೆ ಅಂಗಡಿಗೆ ಹೋಗುವ ಮೊದಲು ಹಳೆಯ ಬೋಲ್ಟಿನ ಥ್ರೆಡ್ ಅಳೆಯಿರಿ. ಹಳೆಯ ಪೀಠೋಪಕರಣಗಳಲ್ಲಿ ಎಂ8 ಬದಲು ಇಂಚಿನ ಲೆಕ್ಕದ ಐದು ಹದಿನಾರಾಂಶ ಇಂಚಿನ ಬೋಲ್ಟು ಇರುವುದುಂಟು. ದಪ್ಪ 7.94 ಮಿ.ಮೀ., ಕಣ್ಣಿಗೆ ಎರಡೂ ಒಂದೇ. ಆದರೆ ಎಂ8ರ ಥ್ರೆಡ್‌ಗಳ ನಡುವಿನ ಅಂತರ 1.25 ಮಿ.ಮೀ., ಇಂಚಿನದರಲ್ಲಿ ಇಂಚಿಗೆ 18 ಥ್ರೆಡ್, ಅಂದರೆ ಸುಮಾರು 1.41 ಮಿ.ಮೀ. ಒಂದರ ನಟ್ಟನ್ನು ಇನ್ನೊಂದರ ಬೋಲ್ಟಿಗೆ ಹಾಕಿದರೆ ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯುತ್ತದೆ. ಇಷ್ಟು ಬಿಗಿಯಾಯಿತಲ್ಲ, ಗಟ್ಟಿಯಾಗಿ ಕೂತಿತು ಎಂದುಕೊಂಡು ಬಿಟ್ಟರೆ ಮುಂದೆ ಯಾರೋ ಅದನ್ನೂ ಸೀಳಬೇಕಾಗುತ್ತದೆ. ನಟ್ಟು ಬೆರಳಿನಲ್ಲಿ ಕೊನೆಯವರೆಗೂ ಓಡಬೇಕು, ಓಡದಿದ್ದರೆ ಅದು ಆ ಬೋಲ್ಟಿನದಲ್ಲ. ಥ್ರೆಡ್ಡಿಗೆ ಗ್ರೀಸ್ ಸವರಿ, ಅಗಲವಾದ ವಾಷರ್ ಹಾಕಿ, 13ರ ಸರಿಯಾದ ಸ್ಪ್ಯಾನರಿನಲ್ಲಿ ಬಿಗಿಯಿರಿ.

ಕೊನೆಗೆ ಸ್ಪ್ಲಿಟರಿನ ತಿರುಪನ್ನು ಪೂರ್ತಿ ಹಿಂದಕ್ಕೆ ಬಿಚ್ಚಿ, ಒರೆಸಿ, ಬ್ಲೇಡಿನ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಅಂಚು ನೇರವಾಗಿದ್ದರೆ ಗ್ರೀಸ್ ಹಚ್ಚಿ ಕಪಾಟಿನಲ್ಲಿಡಿ. ಎಲ್ಲಾದರೂ ಚೂರು ಎದ್ದಿದ್ದರೆ ಬೈಯುತ್ತಾರೆಂದು ಹೆದರಿ ಸುಮ್ಮನೆ ಒಳಗಿಡಬೇಡಿ. ಅದನ್ನು ನನ್ನ ಮೇಜಿನ ಮೇಲೆ ತಂದಿಡಿ.